ಗೇಟಿನ ಬೀಗ ಮಗಳಿಗೆ, ಕೀಲಿಕೈ ಮಗನಿಗೆ

ಕತ್ತಲಾಗುವುದರೊಳಗೆ ಮಗಳು ಮನೆ ಸೇರಬೇಕು ಎನ್ನುವ ಅಪ್ಪಂದಿರಿಗೆ ನನ್ನದು ಒಂದೇ ಪ್ರಶ್ನೆ: ನಿಮ್ಮ ಮಗ ಎಷ್ಟಕ್ಕೆ ಬರುತ್ತಾನೆ? ಉತ್ತರ ಬರುವುದಿಲ್ಲ, ಯಾಕೆಂದರೆ ಗೊತ್ತಿರುವುದಿಲ್ಲ. ಅವನ ಕೈಯಲ್ಲಿ ಬಾಗಿಲಿನ ಇನ್ನೊಂದು ಕೀಲಿಕೈ ಇದೆ. ಹನ್ನೆರಡೂವರೆಗೆ ಬೈಕು ನಿಲ್ಲಿಸಿ ಸದ್ದಿಲ್ಲದೆ ಒಳಗೆ ಬಂದು, ಅಮ್ಮ ಮುಚ್ಚಿಟ್ಟ ಅನ್ನ ಸಾರು ಉಂಡು ಮಲಗುತ್ತಾನೆ. ಅದೇ ಮನೆಯ ಮಗಳು ಎಂಟೂಕಾಲಿಗೆ ಬಂದರೆ ಗೋಡೆ ಗಡಿಯಾರವೇ ನ್ಯಾಯಾಧೀಶ.

‘ಕಾಲ ಕೆಟ್ಟಿದೆ ಮೇಡಂ, ಹೆಣ್ಣುಮಗು, ಸೇಫ್ಟಿ ನೋಡ್ಬೇಕಲ್ವಾ’ ಅನ್ನುತ್ತಾರೆ. ಸರಿ, ಸೇಫ್ಟಿಯನ್ನೇ ನೋಡೋಣ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಹತ್ತಿರಹತ್ತಿರ 75 ಸಾವಿರ ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ರಸ್ತೆಯಲ್ಲಿ ಸಾಯುವವರಲ್ಲಿ ಗಂಡಸರೇ ಬಹುಪಾಲು. ಅತಿ ಹೆಚ್ಚು ಅಪಘಾತ ನಡೆಯುವ ಹೊತ್ತು ಯಾವುದು ಗೊತ್ತೇ? ಸಂಜೆ 6ರಿಂದ 9. ನೀವು ಸುರಕ್ಷಿತ ಅಂತ ಬರೆದುಕೊಟ್ಟ ಹೊತ್ತು ಅದೇ. ಮಕ್ಕಳು ಬದುಕಿ ಮನೆಗೆ ಬರಲಿ ಅನ್ನುವುದೇ ನಿಜವಾದ ಆಸೆಯಾಗಿದ್ದರೆ ಮೊದಲು ಕಿತ್ತಿಟ್ಟುಕೊಳ್ಳಬೇಕಾದದ್ದು ಮಗನ ಬೈಕಿನ ಕೀಲಿಕೈ.

ಅತ್ಯಾಚಾರದ ಭಯ ಅನ್ನುತ್ತೀರಾ? ಆ ಭಯ ಸುಳ್ಳಲ್ಲ, ಅದನ್ನು ಹಗುರ ಮಾಡಲಾರೆ. ಆದರೆ ದೇಶದ ಅಪರಾಧ ದಾಖಲೆ ವರ್ಷ ವರ್ಷವೂ ಹೇಳುವ ಮಾತೊಂದಿದೆ: ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಗೊತ್ತಿದ್ದವನೇ. ನೆಂಟ, ನೆರೆಯವ, ಪರಿಚಯದವ. ಅವನನ್ನು ಗೇಟಿನ ಬೀಗ ತಡೆಯುವುದಿಲ್ಲ. ಅವನಿಗೆ ನೀವೇ ಕಾಫಿ ಕೊಟ್ಟು ಕೂರಿಸಿರುತ್ತೀರಿ.

ಹಾಗಾದರೆ ಈ ಬೀಗ ಯಾರಿಂದ ಯಾರನ್ನು ಕಾಯುತ್ತಿದೆ? ನೇರವಾಗಿ ಹೇಳುತ್ತೇನೆ, ಕೋಪ ಬಂದರೆ ಬರಲಿ. ಅದು ಕಾಯುತ್ತಿರುವುದು ಜಾತಿಯನ್ನು. ಮಗಳು ಯಾರ ಬೈಕಿನ ಹಿಂದೆ ಕೂತಳು, ಯಾರ ಜೊತೆ ನಕ್ಕಳು, ನಾಳೆ ಯಾರನ್ನು ಕರೆತಂದು ‘ಇವರನ್ನೇ ಮದುವೆಯಾಗ್ತೀನಿ’ ಅಂದಾಳು, ನಿದ್ದೆಗೆಡಿಸುವುದು ಇದು. ಇಲ್ಲದಿದ್ದರೆ ದಸರಾದ ದಿನಗಳಲ್ಲಿ ಮೈಸೂರಿನ ಅದೇ ಅಪ್ಪ ಅದೇ ಮಗಳನ್ನು ರಾತ್ರಿ ಹನ್ನೊಂದಕ್ಕೆ ಸಯ್ಯಾಜಿರಾವ್ ರಸ್ತೆಯ ನೂಕುನುಗ್ಗಲಿನಲ್ಲಿ ದೀಪ ತೋರಿಸಲು ಕರೆದೊಯ್ಯುತ್ತಿರಲಿಲ್ಲ. ಕರಾವಳಿಯ ಅಜ್ಜಿಯರು ಮೊಮ್ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಬೆಳಗಿನವರೆಗೆ ಬಯಲಾಟ ನೋಡುತ್ತಿರಲಿಲ್ಲ. ಶಿವರಾತ್ರಿಯ ಜಾಗರಣೆಗೆ ಬೀಗವಿಲ್ಲ. ಕುಟುಂಬದ ಕಣ್ಣಳತೆಯಲ್ಲಿ ಇರುವ ತನಕ ರಾತ್ರಿ ಒಳ್ಳೆಯದೇ, ಅವಳ ಸ್ವಂತದ್ದಾದ ಕೂಡಲೇ ಕೆಟ್ಟದ್ದು. ದುಡಿಮೆಗಾದರೂ ಅಡ್ಡಿಯಿಲ್ಲ. 2019ರಲ್ಲಿ ನಮ್ಮ ಸರ್ಕಾರವೇ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳ ರಾತ್ರಿ ಪಾಳಿಗೆ ಷರತ್ತುಗಳೊಡನೆ ದಾರಿ ಬಿಟ್ಟಿತು. ಬಡವರ ಮಗಳು ಕೂಲಿಗೆ ರಾತ್ರಿ ಹೊರಗಿರಬಹುದು, ನರ್ಸು ಡ್ಯೂಟಿಗೆ ಇರಬಹುದು. ನಾಟಕ ನೋಡಲು, ಗೆಳತಿಯರ ಜೊತೆ ಟೀ ಕುಡಿಯಲು ಮಾತ್ರ ಕೂಡದು.

ಮಂಗಳೂರಿನಲ್ಲಿ 2009ರ ಜನವರಿಯಲ್ಲಿ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದರು. 2012ರ ಜುಲೈನಲ್ಲಿ ಪಡೀಲಿನ ಹೋಂಸ್ಟೇಗೆ ನುಗ್ಗಿ ಹುಟ್ಟುಹಬ್ಬ ಮಾಡುತ್ತಿದ್ದವರನ್ನು ಹೊಡೆದರು. ಎರಡೂ ನಡೆದದ್ದು ನಡುರಾತ್ರಿಯಲ್ಲಲ್ಲ. ಟೀವಿಯಲ್ಲಿ ನೋಡಿ ‘ಛೇ ಛೇ’ ಅಂದ ಎಷ್ಟೋ ಮನೆಗಳಲ್ಲಿ ಮರುದಿನ ಆದದ್ದೇನು? ಹೊಡೆದವರ ಬಗ್ಗೆ ಮಾತಾಗಲಿಲ್ಲ, ಹೆಣ್ಣುಮಕ್ಕಳ ಸಮಯ ಇನ್ನೊಂದು ಗಂಟೆ ಹಿಂದಕ್ಕೆ ಹೋಯಿತು. ಗೂಂಡಾ ಬೀದಿಯಲ್ಲಿ ಶುರುಮಾಡಿದ ಕೆಲಸವನ್ನು ನಾವು ಹಾಲಿನ ಸೋಫಾದಲ್ಲಿ ಕೂತು ಮುಗಿಸಿಕೊಟ್ಟೆವು.

ಬೀಗ ರಕ್ಷಿಸುವುದಿಲ್ಲ ಅಷ್ಟೇ ಅಲ್ಲ, ಅಪಾಯವನ್ನು ಅದೇ ತಂದೊಡ್ಡುತ್ತದೆ. ಕಾಲೇಜಿನಲ್ಲಿ ಪಾಠ ಹೇಳುವ ನಾನು ಇದನ್ನು ಹುಡುಗಿಯರ ಬಾಯಿಂದಲೇ ಕೇಳುತ್ತಿರುತ್ತೇನೆ. ಒಂಬತ್ತೂವರೆಗೆ ಪೀಜಿ ಗೇಟು ಹಾಕುತ್ತಾರೆ. ಒಂಬತ್ತೂಇಪ್ಪತ್ತಾಗಿದೆ, ಆಟೋ ಸಿಗುತ್ತಿಲ್ಲ. ಆಗ ಅವಳು ಏನು ಮಾಡುತ್ತಾಳೆ? ದೀಪವಿಲ್ಲದ ಅಡ್ಡದಾರಿ ಹಿಡಿಯುತ್ತಾಳೆ. ಅಥವಾ ಎರಡು ಬಿಯರ್ ಕುಡಿದ ಸಹಪಾಠಿಯ ಬೈಕು ಹತ್ತುತ್ತಾಳೆ. ಅಷ್ಟಾದರೂ ಹತ್ತು ನಿಮಿಷ ತಡವಾಯಿತೆಂದರೆ ವಾರ್ಡನಮ್ಮ ಗೇಟು ತೆಗೆಯುವುದಿಲ್ಲ. ಹುಡುಗಿಯ ಸುರಕ್ಷತೆಗೆಂದು ಮಾಡಿದ ನಿಯಮ ಹುಡುಗಿಯನ್ನು ರಾತ್ರಿ ಬೀದಿಯಲ್ಲಿ ನಿಲ್ಲಿಸಿ ಒಳಗಿನಿಂದ ಬೀಗ ಹಾಕಿಕೊಳ್ಳುತ್ತದೆ! ಕ್ಯಾಂಪಸ್ಸಿನ ಲೈಂಗಿಕ ಕಿರುಕುಳ ತಡೆಯಲು ಯುಜಿಸಿ ಮಾಡಿದ 2015ರ ನಿಯಮಾವಳಿಯಲ್ಲಿ, ಸುರಕ್ಷತೆಯ ನೆಪದಲ್ಲಿ ಹುಡುಗರಿಗಿಲ್ಲದ ನಿರ್ಬಂಧವನ್ನು ಹಾಸ್ಟೆಲ್ ಹುಡುಗಿಯರ ಮೇಲೆ ಹೇರಬಾರದು ಎಂದಿದೆ. ಎಷ್ಟು ಹಾಸ್ಟೆಲುಗಳ ನೋಟಿಸ್ ಬೋರ್ಡಿನಲ್ಲಿ ಅದನ್ನು ಅಂಟಿಸಿದ್ದಾರೆ, ನೀವೇ ಹೋಗಿ ನೋಡಿ ಬನ್ನಿ.

ಇನ್ನೊಂದು ಅಪಾಯ ಸುಳ್ಳಿನದು. ‘ಕಂಬೈನ್ಡ್ ಸ್ಟಡಿ’ ಅಂತ ಹೇಳಿ ಹೋದವಳ ಗಾಡಿ ಎಲ್ಲೋ ಪಂಚರ್ ಆಯಿತು, ಅಥವಾ ಹೋದ ಕಡೆ ಯಾರೋ ಕೆಟ್ಟದಾಗಿ ನಡೆದುಕೊಂಡ. ಅವಳು ಮನೆಗೆ ಫೋನ್ ಮಾಡುವುದಿಲ್ಲ. ಮಾಡಿದರೆ ಮೊದಲು ಬಯಲಾಗುವುದು ಅವಳ ಸುಳ್ಳು. ಸಹಾಯ ಬೇಕಾದ ಗಳಿಗೆಯಲ್ಲಿ ಅಪ್ಪನಿಗೇ ಹೆದರುವ ಮಗಳನ್ನು ಬೆಳೆಸಿ, ಅದನ್ನು ಶಿಸ್ತು ಅನ್ನುತ್ತೀರಿ.

ಈಚೆಗೆ ಇಂಥದೇ ಒಂದು ಮನೆಯಲ್ಲಿ ಪಂಚಾಯಿತಿಗೆ ಕೂತೆ. ಕುವೆಂಪುನಗರದ ಮನೆ, ಮಗ ಇಪ್ಪತ್ತೊಂದು, ಮಗಳು ಹತ್ತೊಂಬತ್ತು. ಅವಳಿಗೆ ರಂಗಾಯಣದಲ್ಲಿ ಬಹುರೂಪಿ ನಾಟಕೋತ್ಸವ ನೋಡಬೇಕು. ನಾಟಕ ಮುಗಿದು, ಗೆಳತಿಯರ ಜೊತೆ ಏನಾದರೂ ತಿಂದು, ಮನೆ ಸೇರುವಾಗ ಹತ್ತೂವರೆ.

‘ಎಂಟಕ್ಕೆ ಎದ್ದು ಬಂದ್ಬಿಡು’ ಅಂದರು ಅಪ್ಪ.

‘ಅರ್ಧ ನಾಟಕ ನೋಡೋಕೆ ಯಾಕಪ್ಪ ಹೋಗ್ಲಿ?’

‘ಅಣ್ಣ ಬರ್ತಾನೆ ಜೊತೆಗೆ.’

ಅಣ್ಣನಿಗೆ ನಾಟಕ ಬೇಡ, ಕ್ರಿಕೆಟ್ ಬೇಕು. ಅಮ್ಮ ಬಾಯಿ ಬಿಡಲಿಲ್ಲ. ಈ ಮನೆಗಳಲ್ಲಿ ಕಾನೂನು ಮಾಡುವವನು ಅಪ್ಪ, ಲಾಠಿ ಹಿಡಿಯುವವಳು ಅಮ್ಮ. ಮಗಳು ತಡವಾದರೆ ಬೈಗುಳ ತಿನ್ನುವವಳೂ ಅವಳೇ.

ನಾನು ಹೇಳಿದ್ದು ಇಷ್ಟು: ಗಂಟೆಯ ಮಾತು ಬಿಡಿ, ದಾರಿಯ ಮಾತಾಡಿ. ಎಷ್ಟಕ್ಕೆ ಬರುತ್ತಾಳೆ ಅನ್ನುವುದಕ್ಕಿಂತ ಹೇಗೆ ಬರುತ್ತಾಳೆ ಅನ್ನುವುದು ಮುಖ್ಯ. ಆಮೇಲೆ ಮಾತು ಬೇರೆ ದಿಕ್ಕಿಗೆ ಹೊರಳಿತು. ಆ ಹೊತ್ತಿಗೆ ಸಿಟಿ ಬಸ್ಸು ಸಿಕ್ಕೀತೆಂಬ ಭರವಸೆ ಇಲ್ಲ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಆದರೆ ಬಾರದ ಬಸ್ಸಿಗೆ ಉಚಿತ ಟಿಕೆಟ್ ತಗೊಂಡು ಏನು ಮಾಡುವುದು? ಹಾಗಾಗಿ ಸ್ಕೂಟರಿನಲ್ಲೇ ಹೋಗುವುದು. ಪೆಟ್ರೋಲು ಮಧ್ಯಾಹ್ನವೇ ಹಾಕಿಸಬೇಕು, ರಾತ್ರಿ ಬಂಕ್ ಹುಡುಕುವಂತಾಗಬಾರದು. ಕುಕ್ಕರಹಳ್ಳಿ ಕೆರೆ ಪಕ್ಕದ ದಾರಿ ಹತ್ತಿರವಾದರೂ ಬೇಡ, ಅಂಗಡಿ ತೆರೆದಿರುವ ದೊಡ್ಡ ರಸ್ತೆಯಲ್ಲೇ ಬರಬೇಕು. ಹಿಂದೆ ಕೂರುವ ಗೆಳತಿಗೂ ಹೆಲ್ಮೆಟ್. ಇದೆಲ್ಲ ಮಗಳೇ ಹೇಳಿದ್ದು. ಅಪ್ಪನಿಗೆ ಇಷ್ಟು ವಿವರ ಹೊಳೆದೇ ಇರಲಿಲ್ಲ, ಅವರಿಗೆ ಹೊಳೆದದ್ದು ಬರೀ ‘ಎಂಟು ಗಂಟೆ’.

ಜಗಳ ಎದ್ದದ್ದು ಫೋನಿನ ವಿಷಯಕ್ಕೆ. ಹಿಂದೊಮ್ಮೆ ಇಪ್ಪತ್ತು ನಿಮಿಷ ತಡವಾದಾಗ ಅಪ್ಪ ಬಿಟ್ಟೂಬಿಡದೆ ಕರೆ ಮಾಡಿದ್ದರು. ಅವಳು ಒಂದು ಕೈಯಲ್ಲಿ ಗಾಡಿ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ‘ಬಂದೆ ಅಪ್ಪ’ ಅಂದಿದ್ದಳಂತೆ. ಮಗಳನ್ನು ಕಾಯುವ ಅಪ್ಪನ ಕರೆಯೇ ಅವಳನ್ನು ಲಾರಿಯ ಕೆಳಗೆ ತಳ್ಳುವುದಿತ್ತು. ಹಾಗಾಗಿ ಗೊತ್ತು ಮಾಡಿಕೊಂಡದ್ದು ಹೀಗೆ: ಹೊರಡುವಾಗ ಅವಳು ‘ಹೊರಟೆ’ ಅಂತ ಒಂದು ಮೆಸೇಜ್ ಹಾಕುತ್ತಾಳೆ. ಆಮೇಲೆ ನಲವತ್ತು ನಿಮಿಷ ಯಾರೂ ಕರೆ ಮಾಡುವಂತಿಲ್ಲ. ಅಷ್ಟರಲ್ಲಿ ಬಾರದಿದ್ದರೆ ಅವಳಿಗೊಂದು ಕರೆ, ಎತ್ತದಿದ್ದರೆ ಗೆಳತಿಗೆ, ಅವಳೂ ಎತ್ತದಿದ್ದರೆ ಅಪ್ಪ ಗಾಡಿ ತೆಗೆದು ಅದೇ ದಾರಿಯಲ್ಲಿ ಎದುರು ಹೋಗುವುದು. ವಾಟ್ಸ್ಆ್ಯಪ್ ಲೈವ್ ಲೊಕೇಶನ್ ಎಂಟು ಗಂಟೆ ಹಾಕಿಡು ಅಂದರು ಅಪ್ಪ. ಅವಳು ಒಪ್ಪಲಿಲ್ಲ. ಅದರಲ್ಲಿ ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಅಂತ ಮೂರು ಆಯ್ಕೆಗಳಿವೆ. ವಾಪಸು ಬರುವ ಒಂದು ಗಂಟೆ ಹಾಕುತ್ತೇನೆ ಅಂದಳು. ಸರಿಯಾಗೇ ಇದೆ. ದಾರಿ ಕಾಯುವುದು ಬೇರೆ, ದಿನವಿಡೀ ಬೇಹುಗಾರಿಕೆ ಮಾಡುವುದು ಬೇರೆ.

ಅತಿ ಕಷ್ಟಪಟ್ಟು ಒಪ್ಪಿಸಿದ್ದು ಇನ್ನೊಂದು. ಎಲ್ಲಿಂದಲೇ ಆಗಲಿ, ಯಾರ ಜೊತೆಯೇ ಇರಲಿ, ಎಷ್ಟೇ ಹೊತ್ತಾಗಿರಲಿ, ‘ಬಂದು ಕರ್ಕೊಂಡು ಹೋಗಿ’ ಅಂತ ಮಕ್ಕಳು ಕರೆದರೆ ಆ ರಾತ್ರಿ ಒಂದೂ ಪ್ರಶ್ನೆ ಕೇಳಬಾರದು. ಬೈಗುಳವೇನಿದ್ದರೂ ಮರುದಿನ, ತಿಂಡಿ ಆದಮೇಲೆ. ‘ಹಾಗಂದ್ರೆ ಸಲುಗೆ ಕೊಟ್ಟ ಹಾಗಾಗಲ್ವಾ’ ಅಂದರು ಅಪ್ಪ. ಕೊಡಿ. ಶವಾಗಾರಕ್ಕೆ ಬಂದು ಗುರುತು ಹಿಡಿಯುವುದಕ್ಕಿಂತ ಸಲುಗೆ ಅಗ್ಗ.

ಆಮೇಲೆ ಇದೇ ನಿಯಮಗಳನ್ನು ಮಗನ ಮುಂದಿಟ್ಟೆವು. ಯಾವ ದಾರಿ, ಯಾರ ಜೊತೆ, ಹೊರಟೆ ಅನ್ನುವ ಮೆಸೇಜು, ಹೆಲ್ಮೆಟ್. ಕುಡಿದಿದ್ದರೆ ಗಾಡಿ ಅಲ್ಲೇ ಬಿಟ್ಟು ಆಟೋ ಹಿಡಿಯುವುದು, ದುಡ್ಡು ಮನೆಯದು. ‘ನಾನೇನು ಹುಡುಗೀನಾ?’ ಅಂತ ಎದ್ದು ನಿಂತ. ಇಪ್ಪತ್ತೊಂದು ವರ್ಷ ಆ ಮನೆ ಅವನಿಗೆ ಕಲಿಸಿದ್ದೆಲ್ಲ ಆ ಎರಡು ಪದಗಳಲ್ಲಿತ್ತು. ಅಮ್ಮ ಮೊದಲ ಸಲ ಬಾಯಿ ಬಿಟ್ಟರು: ‘ನೀನು ಬರೋತನಕ ನನಗೆ ನಿದ್ದೆ ಬರಲ್ಲ ಕಣೋ, ಅದು ಗೊತ್ತಾ ನಿನಗೆ?’ ಅವನಿಗೆ ಗೊತ್ತಿರಲಿಲ್ಲ.

ಎಲ್ಲ ಮುಗಿಯಿತು ಅಂದುಕೊಳ್ಳುವಾಗ ಅಪ್ಪ ದನಿ ತಗ್ಗಿಸಿ ಕೊನೆಯ ಷರತ್ತು ಹಾಕಿದರು. ‘ಬರುವಾಗ ಬೀದಿ ಮೂಲೇಲೇ ಇಂಜಿನ್ ಆಫ್ ಮಾಡಿ ತಳ್ಕೊಂಡು ಬಾಮ್ಮ. ಎದುರು ಮನೆಯವರು ಎದ್ದು ನೋಡ್ತಾರೆ.’

ದಾರಿ, ಪೆಟ್ರೋಲು, ಮೆಸೇಜು ಎಲ್ಲ ಒಂದು ಗಂಟೆ ಚರ್ಚೆ ಮಾಡಿದಮೇಲೆ ಒಳಗಿದ್ದದ್ದು ಹೊರಗೆ ಬಿತ್ತು. ನೂರು ಕಿಲೋ ಮೀರಿದ ಗಾಡಿಯನ್ನು ಹತ್ತೊಂಬತ್ತರ ಹುಡುಗಿ ಹತ್ತೂವರೆ ರಾತ್ರಿಯಲ್ಲಿ, ಒಬ್ಬಳೇ, ಸದ್ದು ಮಾಡದೆ, ಓಡಿಹೋಗಲೂ ಆಗದಂತೆ ತಳ್ಳಿಕೊಂಡು ಬರಬೇಕಂತೆ. ಅದು ಸೇಫ್ಟಿಯಂತೆ!

‘ಅಣ್ಣನೂ ತಳ್ಕೊಂಡು ಬರ್ತಾನಾ?’ ಅಂದಳು.

ಆ ಷರತ್ತು ಬಿದ್ದುಹೋಯಿತು. ಅವಳು ಇಂಜಿನ್ ಸದ್ದಿನೊಂದಿಗೇ ಬಂದಳು, ಹತ್ತೂಮುಕ್ಕಾಲಿಗೆ. ಎದುರು ಮನೆಯವರು ಎದ್ದು ನೋಡಿದರಂತೆ. ನೋಡಲಿ. ಈಗ ಅವಳು ಗೆಳತಿಯರ ಜೊತೆ ಎರಡು ರಾತ್ರಿ ಹಂಪಿಗೆ ಹೋಗಬೇಕು ಅನ್ನುತ್ತಿದ್ದಾಳೆ, ಅಪ್ಪ ಮತ್ತೆ ನನಗೆ ಫೋನ್ ಮಾಡಿದ್ದಾರೆ. ಈ ಸಲ ಪಂಚಾಯಿತಿಗೆ ನಾನು ಹೋಗುವುದಿಲ್ಲ. ಅಮ್ಮ ಮಾತಾಡಲಿ.