‘ಯೂ’ ಒಂದೇ, ನಮ್ಮಲ್ಲಿ ಮೂರು

ಗದಗಿನಿಂದ ಅಪ್ಪ ಫೋನ್ ಮಾಡಿದವರೇ ಕೇಳಿದರು: ‘ಏನಪಾ, ನಿಮ್ಮ ಕಂಪನಿ ಆ್ಯಪ್ ನನಗ ನೀನು ಅನ್ನಾಕತ್ತೈತಿ?’ ಜೀವನವಿಡೀ ಮಾಸ್ತರಿಕೆ ಮಾಡಿದವರು. ಅವರಿಗೆ ನಾನೇ ಎಂದೂ ‘ನೀನು’ ಎಂದಿಲ್ಲ. ಮರುದಿನ ಪುಣೆಯ ಹಿಂಜವಡಿ ಆಫೀಸಿನಲ್ಲಿ ಕನ್ನಡದ ಫೈಲ್ ತೆರೆದೆ.

```
msgid "Are you sure you want to delete your account?"
msgstr "ನೀನು ನಿಮ್ಮ ಖಾತೆಯನ್ನು ಅಳಿಸಲು ಖಚಿತವಾಗಿದ್ದೀಯಾ?"
```

ಒಂದೇ ವಾಕ್ಯದಲ್ಲಿ ‘ನೀನು’ ಮತ್ತು ‘ನಿಮ್ಮ’! ಅನುವಾದಕರನ್ನು ಬೈದು ಪ್ರಯೋಜನವಿಲ್ಲ. ಅವರ ಕೈಗೆ ಸಿಕ್ಕಿದ್ದು ಬಿಡಿಬಿಡಿ ಸಾಲುಗಳ ಪಟ್ಟಿ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ನಾವು ತಿಳಿಸಿಯೇ ಇರಲಿಲ್ಲ. ಪಕ್ಕದ ಮರಾಠಿ ಫೈಲಿನಲ್ಲಿ ಈ ಗೊಂದಲವಿರಲಿಲ್ಲ. ಅಲ್ಲಿ ಸಹೋದ್ಯೋಗಿಯೊಬ್ಬರು ಮೊದಲ ದಿನವೇ ‘ತೂ’ ಬೇಡ, ‘ಆಪಣ’ ಬೇಡ, ಎಲ್ಲೆಡೆ ‘ತುಮ್ಹಿ’ ಎಂದು ಬರೆದಿಟ್ಟಿದ್ದರು.

ಹಾಗಾದರೆ ಗೌರವಕ್ಕೆ ‘ತಾವು’ ಎಂದುಬಿಡೋಣವೇ? ನಮ್ಮ ತಂಡದಲ್ಲಿ ಈ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. ಮದುವೆಯ ಕರೆಯೋಲೆಯಲ್ಲಿ ಅದು ಚೆಂದ. ಆದರೆ ‘ರವಿ ತಮ್ಮ ಖಾತೆಗೆ ಹಣ ಹಾಕಿದ್ದಾರೆ’ ಎಂಬ ಸಂದೇಶ ಬಂದರೆ ಹಣ ಯಾರ ಖಾತೆಗೆ ಹೋಯಿತು? ರವಿಯ ಖಾತೆಗೋ, ಓದುವವರ ಖಾತೆಗೋ? ಕನ್ನಡದಲ್ಲಿ ‘ತಮ್ಮ’ ಎರಡನ್ನೂ ಹೇಳುತ್ತದೆ. ‘ನಿಮ್ಮ ಖಾತೆಗೆ’ ಎಂದರೆ ಅನುಮಾನವೇ ಇಲ್ಲ. ದುಡ್ಡಿನ ಮಾತಿನಲ್ಲಿ ಸ್ಪಷ್ಟತೆಯೇ ದೊಡ್ಡ ಮರ್ಯಾದೆ.

ಹಾಗಾಗಿ ನನ್ನ ಮಟ್ಟಿಗೆ ದೊಡ್ಡವರು ಬಳಸುವ ಆ್ಯಪ್‌ಗೆ ‘ನೀವು’ ಸರಿ. ಇಂಗ್ಲಿಷಿನಲ್ಲಿ ‘ಯೂ’ ಇದ್ದಲ್ಲೆಲ್ಲ ಅದನ್ನು ತುರುಕಬೇಕಾಗಿಯೂ ಇಲ್ಲ. ಮೇಲಿನ ಸಾಲಿಗೆ ‘ಖಾತೆಯನ್ನು ಅಳಿಸಬೇಕೆ?’ ಎಂದರೆ ಸಾಕು. ‘ಅಳಿಸುತ್ತೀರಾ’ ಎಂದರೆ ಕ್ರಿಯಾಪದದ ಕೊನೆಯಲ್ಲೇ ‘ನೀವು’ ಕೂತಿರುತ್ತದೆ. ‘ಅಳಿಸಬೇಕೆ’ ಎಂಬಲ್ಲಿ ನೀನೂ ಇಲ್ಲ, ನೀವೂ ಇಲ್ಲ.

ಮಕ್ಕಳ ಆಟದ ಆ್ಯಪ್ ಮಾತ್ರ ಬೇರೆ. ಆರು ವರ್ಷದ ಮಗುವಿಗೆ ‘ನೀವು ಗೆದ್ದಿದ್ದೀರಿ’ ಎಂದರೆ ಅದು ಹಿಂದೆ ಯಾರಿದ್ದಾರೆಂದು ತಿರುಗಿ ನೋಡೀತು. ಅಲ್ಲಿ ‘ಭಲೇ, ನೀನು ಗೆದ್ದೆ!’ ಎಂಬುದೇ ಪ್ರೀತಿ.

ಬೆರಕೆ ಹುಡುಕಲು ಒಂದು ಸಾಲು ಸಾಕಾಯಿತು:

```
grep -nE 'ನೀನು|ನಿನ್ನ|ನಿನಗೆ' kn.po
```

ಆದರೆ ‘ಇಲ್ಲಿ ಒತ್ತು’, ‘ಮತ್ತೆ ಪ್ರಯತ್ನಿಸು’ ಎಂಬಂಥ ಏಕವಚನಗಳು ಈ ಜರಡಿಯಲ್ಲಿ ಸಿಗುವುದಿಲ್ಲ. ಅವಕ್ಕೆ ಕನ್ನಡ ಬಲ್ಲವರೊಬ್ಬರು ಕೂತು ಓದಲೇಬೇಕು. ಹೊರನಾಡಿನ ಕಂಪನಿಗಳಲ್ಲಿ ಆ ‘ಒಬ್ಬರು’ ಸಾಮಾನ್ಯವಾಗಿ ನಾವೇ. ‘ಅದು ನನ್ನ ಟಿಕೆಟ್ ಅಲ್ಲ’ ಎಂದು ಸುಮ್ಮನಿದ್ದರೆ ಊರಲ್ಲಿರುವ ನಮ್ಮ ಹಿರಿಯರೇ ಅದನ್ನು ಓದಬೇಕಾಗುತ್ತದೆ.

ಹೊಸ ಆವೃತ್ತಿ ಹೋದ ಮೇಲೆ ಅಪ್ಪ ಮತ್ತೆ ಫೋನ್ ಮಾಡಿದರು: ‘ಈಗ ನೆಟ್ಟಗ ಮಾತಾಡ್ತೈತಿ ನೋಡು.’