ಚಪ್ಪಾಳೆ ಬೇಡೋದು ನಿರೂಪಣೆ ಅಲ್ಲ

1/3
ನೇರವಾಗಿ ಹೇಳ್ತೀನಿ, ಬೇಜಾರಾದ್ರೆ ಆಗಲಿ. ನಮ್ಮ ಕಾಲೇಜು ಕಾರ್ಯಕ್ರಮಗಳಲ್ಲಿ ಹಿಂದಿನ ಬೆಂಚಿನವರು ಮೊಬೈಲ್ ತೆಗೆಯೋದು ಭಾಷಣದ ಮಧ್ಯೆ ಅಲ್ಲ. ಒಂದು ಭಾಷಣ ಮುಗಿದು ಇನ್ನೊಂದು ಶುರುವಾಗೋ ಆ ಎರಡು ನಿಮಿಷದಲ್ಲಿ. ಅಂದ್ರೆ ಮೈಕ್ ನಿರೂಪಕರ ಕೈಯಲ್ಲಿರುವಾಗ! ಆಗ ನಾವು ಏನು ಮಾಡ್ತಿರ್ತೀವಿ? "ಅದ್ಭುತವಾಗಿ ಮಾತನಾಡಿದ ಸರ್‌ಗೆ ಧನ್ಯವಾದಗಳು" ಅಂತೀವಿ. ಕಗ್ಗದ ನಾಲ್ಕು ಸಾಲು ಓದ್ತೀವಿ. ಮುಂದಿನವರ ಬಯೋಡೇಟಾ ಪೂರ್ತಿ ಓದ್ತೀವಿ. ಕೊನೆಗೆ "ಜೋರಾದ ಚಪ್ಪಾಳೆ... ಕೇಳಿಸ್ತಿಲ್ಲ!"

ಹೋದ ವರ್ಷ ಕಾಮರ್ಸ್ ಕಾರ್ಯಕ್ರಮದಲ್ಲಿ ನಾನೂ ಇದನ್ನೇ ಮಾಡಿದ್ದೆ. ಬೆಳಗ್ಗೆ 11ರಿಂದ ಮಧ್ಯಾಹ್ನ ಒಂದೂವರೆವರೆಗೆ, ಸಾಲಾಗಿ ಭಾಷಣ. ಮೊದಲು ಜಿಎಸ್‌ಟಿ ಬಗ್ಗೆ ಒಬ್ಬ ಲೆಕ್ಕಪರಿಶೋಧಕರು, ಆಮೇಲೆ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಆಮೇಲೆ ಉಪ್ಪಿನಕಾಯಿ ಉದ್ಯಮ ನಡೆಸೋ ಮೇಡಂ, ಕೊನೆಗೆ ಅಧ್ಯಕ್ಷೀಯ ನುಡಿ. ನಾಲ್ಕು ಸಲವೂ ನನ್ನ ದನಿ ಒಂದೇ ಎತ್ತರದಲ್ಲಿತ್ತು. ಎರಡನೇ ಸಲಕ್ಕೆ ಚಪ್ಪಾಳೆ ಅರ್ಧ, ಮೂರನೇದಕ್ಕೆ ಮುಂದಿನ ಸಾಲಿನ ಲೆಕ್ಚರರ್‌ಗಳು ಮಾತ್ರ.

ಅದಕ್ಕಿಂತ ದೊಡ್ಡ ತಪ್ಪು ಬೇರೆ. ಆ ಮೇಡಂ ಮೂರು ಸಾವಿರ ರೂಪಾಯಿ, ಒಂದು ಮಿಕ್ಸಿಯಿಂದ ವ್ಯಾಪಾರ ಶುರು ಮಾಡಿದ್ದು ಅಂತ ನಾನು ಮೊದಲೇ ಕೇಳಿ ತಿಳ್ಕೊಂಡಿದ್ದೆ. ಜನ ಎಚ್ಚರ ಆಗಲಿ ಅಂತ ಅದನ್ನೇ ಪರಿಚಯದಲ್ಲಿ ಹೇಳಿಬಿಟ್ಟೆ. ಅವರು ಮೈಕ್ ಹಿಡಿದು ಒಂದು ಕ್ಷಣ ಸುಮ್ಮನೆ ನಿಂತ್ರು. "ಅದನ್ನ ಆಗಲೇ ಹೇಳಿಬಿಟ್ರಲ್ಲ" ಅಂತ ನಕ್ಕರು. ಅವರು ಬರ್ಕೊಂಡು ಬಂದಿದ್ದ ಶುರುವೇ ಅದು. ಆ ನಗು ಇನ್ನೂ ನನಗೆ ಚುಚ್ಚುತ್ತೆ.

2/3
ಹಾಗಾದ್ರೆ ಇಬ್ಬರು ಭಾಷಣಕಾರರ ಮಧ್ಯೆ ಏನು ಹೇಳ್ಬೇಕು? ಮುಗಿದ ಭಾಷಣದಿಂದ ಒಂದೇ ಒಂದು ಮಾತು ಎತ್ಕೊಳ್ಳಿ. ಅದು ಮುಂದಿನವರಿಗೆ ಎಲ್ಲಿ ತಾಗುತ್ತೆ ಅಂತ ತೋರಿಸಿ. ಹೆಸರು ಕೊನೆಗೆ ಹೇಳಿ, ಬಾಯಿ ಮುಚ್ಚಿ. ಅರ್ಧ ನಿಮಿಷ ಸಾಕು.

ಅದೇ ಕಾರ್ಯಕ್ರಮವನ್ನ ಈಗ ಮಾಡೋದಾದ್ರೆ ಜಿಎಸ್‌ಟಿ ಭಾಷಣ ಆದ್ಮೇಲೆ ಹೀಗೆ ಹೇಳ್ತಿದ್ದೆ:

"ಒಂದು ರೂಪಾಯಿ ವ್ಯಾಪಾರ ಆಗದಿದ್ರೂ ರಿಟರ್ನ್ ಹಾಕಲೇಬೇಕು ಅಂತ ಸರ್ ಹೇಳಿದ್ರು. ನಾಳೆ ನೀವು ಅಂಗಡಿಗೆ ಸಾಲ ಕೇಳೋಕೆ ಹೋದಾಗ ಅದೇ ರಿಟರ್ನ್ ಬ್ಯಾಂಕಿನ ಮೇಜಿನ ಮೇಲೆ ಇರುತ್ತೆ. ಆ ಮೇಜಿನ ಆಚೆ ಬದಿಯಲ್ಲಿ 28 ವರ್ಷ ಕೂತವರು ಈಗ ಮಾತಾಡ್ತಾರೆ. ನಿವೃತ್ತ ಬ್ಯಾಂಕ್ ಮ್ಯಾನೇಜರ್, ಶ್ರೀ..."

ಹೆಸರು ಯಾಕೆ ಕೊನೆಗೆ? ಹೆಸರು ಕೇಳಿದ ತಕ್ಷಣ ಕೈ ತಾನಾಗೇ ಚಪ್ಪಾಳೆಗೆ ಹೋಗುತ್ತೆ. ಹೆಸರು ಮೊದಲೇ ಹೇಳಿ ಆಮೇಲೆ ಎಂಕಾಂ, ಪಿಎಚ್‌ಡಿ, ಪ್ರಶಸ್ತಿ ಅಂತ ಹೋದ್ರೆ ಆ ಚಪ್ಪಾಳೆ ಸತ್ತುಹೋಗುತ್ತೆ. ಪಾಪ, ಅತಿಥಿ ಅರ್ಧ ಎದ್ದು ಮತ್ತೆ ಕೂರ್ತಾರೆ. ನೋಡಿಲ್ವಾ?

ಈ ಸೇತುವೆಯ ಮೊದಲರ್ಧವನ್ನ ಹಿಂದಿನ ರಾತ್ರಿ ಬರೆಯೋಕಾಗಲ್ಲ. ಭಾಷಣ ನಡೀತಿರುವಾಗ ನಿರೂಪಕರು ವೇದಿಕೆ ಪಕ್ಕ ಸೆಲ್ಫಿ ತಗೊಳ್ತಿದ್ರೆ ಹೇಗೆ? ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಮಾಡಿ. ಕೆಳಗೆ ಮುಂದಿನವರ ಬಗ್ಗೆ ಎರಡು ಸಾಲು ಮತ್ತು ಹೆಸರು ಬರೆದಿಡಿ, ಮೇಲಿನ ಅರ್ಧ ಖಾಲಿ ಬಿಡಿ. ಕೇಳ್ತಾ ಕೇಳ್ತಾ ಅಲ್ಲಿ ಒಂದು ಮಾತು ಗೀಚ್ಕೊಳ್ಳಿ. ಅತಿಥಿ ತಡವಾಗಿ ಬಂದು ಕ್ರಮ ಬದಲಾದ್ರೂ (ಬದಲಾಗುತ್ತೆ, ಬಿಡಿ) ಕಾರ್ಡ್ ಹಿಂದೆ ಮುಂದೆ ಮಾಡಿದ್ರೆ ಆಯ್ತು.

3/3
"ಎನರ್ಜಿ ಇರಲಿ" ಅಂತ ಮೇಷ್ಟ್ರು ಹೇಳ್ತಾರೆ. ನಾವು ಅದನ್ನ "ಕಿರುಚು" ಅಂತ ಅರ್ಥ ಮಾಡ್ಕೊಂಡಿದೀವಿ. 12:40ಕ್ಕೆ, ಸಾಲ ಯಾಕೆ ತಿರಸ್ಕಾರ ಆಗುತ್ತೆ ಅನ್ನೋ ಭಾರದ ಭಾಷಣ ಮುಗಿದಿದೆ, ಹೊರಗಿಂದ ಪಲಾವ್ ವಾಸನೆ ಬರ್ತಿದೆ. ಆಗ "ಯಾಕೆ ಎಲ್ಲ ಡಲ್ ಆಗಿದೀರಾ?" ಅಂದ್ರೆ ಡಲ್ ಅಂತ ಗೊತ್ತಿಲ್ಲದವರಿಗೂ ಗೊತ್ತಾಗುತ್ತೆ. ಎರಡು ಸೆಕೆಂಡ್ ಸುಮ್ಮನಿರಿ. ಮೆಲ್ಲಗೆ ಕೇಳಿ: "ಮನೇಲಿ ಅಂಗಡಿಯೋ ಸಣ್ಣ ವ್ಯಾಪಾರವೋ ಇರೋರು ಕೈ ಎತ್ತಿ." ಮೈ ಸ್ವಲ್ಪ ಅಲ್ಲಾಡುತ್ತೆ, ಅಕ್ಕಪಕ್ಕ ಯಾರು ಕೈ ಎತ್ತಿದ್ರು ಅಂತ ನೋಡ್ತಾರೆ. ಆಮೇಲೆ: "ನಿಮ್ಮ ಮನೆ ಲೆಕ್ಕ ಗೊತ್ತಿರೋರು ಒಬ್ಬರು ಇಲ್ಲಿದ್ದಾರೆ. ಅವರ ಲೆಕ್ಕ ಅಡುಗೆಮನೆಯಿಂದ ಶುರುವಾಯ್ತು. ಶ್ರೀಮತಿ..." ಅಷ್ಟೇ. ಮೂರು ಸಾವಿರ ರೂಪಾಯಿ ಅವರ ಆಸ್ತಿ, ಅವರೇ ಹೇಳ್ಲಿ. ಕೈ ಎತ್ತಿಸೋ ಉಪಾಯ ಒಂದು ಕಾರ್ಯಕ್ರಮಕ್ಕೆ ಒಂದೇ ಸಲ. ಎರಡನೇ ಸಲಕ್ಕೆ ಅದೂ ಚಪ್ಪಾಳೆ ಥರ ಹಳಸುತ್ತೆ.

"ಬಯೋಡೇಟಾ ಓದದಿದ್ರೆ ಅತಿಥಿಗೆ ಅವಮಾನ ಅಲ್ವಾ?" ಅಂತ ಕೇಳ್ತೀರಿ, ಗೊತ್ತು. ಪದವಿಗಳನ್ನ ಸ್ವಾಗತ ಭಾಷಣದಲ್ಲಿ ಹೇಳಿ, ಆಮಂತ್ರಣದಲ್ಲಿ ಅಚ್ಚು ಹಾಕಿ. ಅತಿಥಿ ಪರಿಚಯಕ್ಕೆ ಬೇರೆ ವಿದ್ಯಾರ್ಥಿ ಇದ್ರೆ ನಿಮಗೆ ಆ ಕೆಲಸವೇ ಇಲ್ಲ. ನಿಜವಾದ ಅವಮಾನ ಅಂದ್ರೆ, ಹೊಗಳಿ ಹೊಗಳಿ ಸುಸ್ತಾದ ಸಭೆಯನ್ನ ಅವರ ಕೈಗೆ ಕೊಡೋದು.

ಮುಂದಿನ ತಿಂಗಳು ಮತ್ತೆ ನನಗೇ ಮೈಕ್ ಸಿಗ್ತಿದೆ. ಬಾಯಿ ತಪ್ಪಿ "ಜೋರಾದ ಚಪ್ಪಾಳೆ" ಅಂದ್ರೆ ವಿಡಿಯೋ ಮಾಡಿ ಟ್ಯಾಗ್ ಮಾಡಿ.