ಪುಸ್ತಕದಲ್ಲಿ ಇಲ್ಲ ಅಂದ್ರ ತಪ್ಪಾ?

ಹೋದ ಕಾರ್ತೀಕದಲ್ಲಿ ನಮ್ಮ ಮನೇಲಿ ಮಾದಪ್ಪನ ಕತೆ ಮಾಡಿಸಿದ್ವಿ. ನಮ್ಮತ್ತೆ ಹೊತ್ತಿದ್ದ ಹರಕೆ, ಮೂರು ವರ್ಷದಿಂದ ಇವತ್ತು ನಾಳೆ ಅಂತ ಮುಂದಕ್ಕೆ ಹೋಗ್ತಾನೇ ಇತ್ತು. ತಿರುಮಕೂಡಲಿನ ಆಚೆ ಒಂದೂರಿಂದ ಕಂಸಾಳೆಯವರು ನಾಲ್ಕು ಜನ ಬಂದ್ರು. ಮುಂದೆ ಹಾಡೋ ಅಯ್ಯ, ಹಿಮ್ಮೇಳಕ್ಕೆ ಇಬ್ಬರು, ಜೊತೆಗೆ ಅಯ್ಯನ ಮಗ, ಹದಿನಾಲ್ಕು ವರ್ಷದ ಹುಡುಗ. ಊಟ ಆಗಿ, ದೀಪ ಹಚ್ಚಿ, ಹತ್ತು ಗಂಟೆಗೆ ಕೂತ್ರು. "ಸಂಕಮ್ಮನ ಸಾಲು ಹಾಡಪ್ಪ" ಅಂದ್ರು ಅತ್ತೆ.

ನಮ್ಮ ಚಿಕ್ಕಮಾವ ಮೇಷ್ಟ್ರಾಗಿ ರಿಟೈರ್ ಆದವರು. ತೊಡೆ ಮೇಲೆ ಮಾದಪ್ಪನ ಕಾವ್ಯದ ದಪ್ಪ ಪುಸ್ತಕ ಇಟ್ಕೊಂಡು, ಕನ್ನಡಕ ಏರಿಸಿ, ಹಾಡು ಹೋದಂಗೆಲ್ಲ ಸಾಲಿನ ಮೇಲೆ ಬೆರಳಾಡಿಸ್ತಾ ಕೂತ್ರು. ಮೊದಲು ತಲೆ ಆಡಿಸಿದ್ರು. ಆಮೇಲೆ ಪಕ್ಕದವರಿಗೆ ಕೇಳೋ ಹಂಗೆ "ಇದು ಇಲ್ಲ" ಅಂದ್ರು. ಒಂದು ಗಂಟೆ ಹೊತ್ತಿಗೆ ತಡಕೊಳ್ಳಲಾರದೆ ಹಾಡನ್ನೇ ನಿಲ್ಲಿಸಿ, "ಅಯ್ಯಾ, ತಪ್ಪು ಹಾಡ್ತಾ ಇದ್ದೀಯ. ಆಣೆ ಕೇಳೋ ಭಾಗ ಇಲ್ಲಿ ಇಷ್ಟೇ ಇರೋದು. ನೀನು ಸ್ವಂತದ್ದು ಸೇರಿಸ್ತಾ ಇದ್ದೀಯ" ಅಂದ್ಬಿಟ್ರು.

ಅಯ್ಯ ಕಂಸಾಳೆ ಕೆಳಗಿಟ್ಟ. ಸಿಟ್ಟೇನೂ ಮಾಡಲಿಲ್ಲ. "ಮೇಷ್ಟ್ರೇ, ಆ ಪುಸ್ತಕ್ದಲ್ಲಿ ಹಾಡ್ದೋನು ಯಾರ ಮನ್ಲಿ ಕೂತ್ಕಂಡು ಹಾಡ್ದ? ಅವನ ಮುಂದ ಯಾರ್ ಕೂತಿದ್ರು?" ಅಂತ ಕೇಳ್ದ.

ಚಿಕ್ಕಮಾವ ಉತ್ತರ ಕೊಡಲಿಲ್ಲ. ಬೆಳಗ್ಗೆ ಕಾಫಿ ಕುಡೀತಾ ನಮಗೆಲ್ಲ ಒಂದು ಪಾಠ ಮಾಡಿದ್ರು. ವೇದ ನೋಡಿ, ಬರವಣಿಗೆ ಇಲ್ಲದ ಕಾಲದಿಂದ ಒಂದಕ್ಷರ ಆಚೀಚೆ ಆಗಿಲ್ಲ. ಇವರದು ದಿನಕ್ಕೊಂದು ಥರ. ಜ್ಞಾಪಕ ಇರೋ ಅಷ್ಟು ಹಾಡೋದು, ಮರೆತದ್ದಕ್ಕೆ ಏನೋ ತುಂಬಿಸೋದು. ಮುಂದಿನ ಸಲ ಪುಸ್ತಕ ಕೈಗೆ ಕೊಟ್ಟು ಹಾಡಿಸಿ, ಇಲ್ಲಾಂದ್ರೆ ಒಂದು ಗಂಟೆ ಹಾಡಿಸಿ ಮಂಗಳಾರತಿ ಮಾಡಿ ಕಳಿಸಿ. ಹಿರಿಯರ ಮುಂದೆ ಅವತ್ತು ನಾನು ಬಾಯಿ ಬಿಡಲಿಲ್ಲ. ಇಲ್ಲಿ ಬರೀತಾ ಇದೀನಿ.

ವೇದದ ಮಾತು ನಾನೂ ಒಪ್ತೀನಿ. ನನ್ನ ತವರು ನಂಜನಗೂಡು. ಶ್ರೀಕಂಠೇಶ್ವರನ ಗುಡಿ ಕಡೆಯ ಬೀದಿಗಳಲ್ಲಿ ಓಡಾಡ್ಕೊಂಡು ಬೆಳೆದವಳು. ಒಂದು ಮನೆ ಜಗುಲೀಲಿ ಹುಡುಗರಿಗೆ ಸಂತೆ ಹೇಳಿಕೊಡ್ತಾ ಇದ್ರು. ಗುರು ಒಂದು ಸಲ ಹೇಳಿದ್ದನ್ನ ಹುಡುಗರು ಎರಡು ಸಲ ಹೇಳಬೇಕು. ದಿನಕ್ಕೆ ಇಷ್ಟು ಅಂತ ಲೆಕ್ಕ, ವರ್ಷಗಟ್ಟಲೆ. ಅದಾದ ಮೇಲೆ ಅದೇ ಮಂತ್ರದ ಪದಗಳನ್ನ ಬಿಡಿಸಿ, ಹಿಂದೆ ಮುಂದೆ ಹೆಣೆದು ಹೇಳಿಸ್ತಾರೆ. ಮಂತ್ರ ಬೇಡ, ನಮ್ಮ ಅಡುಗೆಮನೆ ಪದದಲ್ಲೇ ತೋರಿಸ್ತೀನಿ. ಅಕ್ಕಿ, ಬೇಳೆ, ಬೆಲ್ಲ ಅಂತ ಮೂರು ಪದ ಇಟ್ಕೊಳ್ಳಿ. ಕ್ರಮಪಾಠ ಅಂದ್ರೆ: ಅಕ್ಕಿ ಬೇಳೆ, ಬೇಳೆ ಬೆಲ್ಲ. ಜಟೆ ಅಂದ್ರೆ: ಅಕ್ಕಿ ಬೇಳೆ, ಬೇಳೆ ಅಕ್ಕಿ, ಅಕ್ಕಿ ಬೇಳೆ. ಘನ ಅಂದ್ರೆ: ಅಕ್ಕಿ ಬೇಳೆ, ಬೇಳೆ ಅಕ್ಕಿ, ಅಕ್ಕಿ ಬೇಳೆ ಬೆಲ್ಲ, ಬೆಲ್ಲ ಬೇಳೆ ಅಕ್ಕಿ, ಅಕ್ಕಿ ಬೇಳೆ ಬೆಲ್ಲ. ಆಮೇಲೆ ಬೇಳೆಯಿಂದ ಶುರುಮಾಡಿ ಮುಂದಿನ ಮೂರು ಪದ. ಎಣಿಸಿ ನೋಡಿ, ನಡುವೆ ಬರೋ ಒಂದೊಂದು ಪದವೂ ಹದಿಮೂರು ಸಲ ಬಾಯಿಗೆ ಬರ್ತದೆ.

ಇದರ ಜಾಣತನ ಎಲ್ಲಿದೆ ಅಂದ್ರೆ, ಪದಗಳನ್ನ ತಿರುಗಿಸಿ ಹೇಳುವಾಗ ಅರ್ಥ ಕೆಟ್ಟುಹೋಗ್ತದೆ. ಅರ್ಥ ಹಿಡ್ಕೊಂಡು ಅಂದಾಜಲ್ಲಿ ಹೇಳೋಕೆ ದಾರಿಯೇ ಇಲ್ಲ. ಅಕ್ಷರ, ಸ್ವರದ ಏರಿಳಿತ ಮಾತ್ರ ಕೈಗೆ ಸಿಗೋದು. ಒಂದು ಕಡೆ ತಪ್ಪಿದ್ರೆ ಮುಂದಿನ ಸುತ್ತಿನಲ್ಲಿ ಹೆಣಿಗೆ ಕೂರೋದಿಲ್ಲ, ಪಕ್ಕದಲ್ಲಿ ಹೇಳ್ತಾ ಇರೋನು ತಕ್ಷಣ ಹಿಡೀತಾನೆ. ಒಂದಕ್ಷರವೂ ಬದಲಾಗಬಾರದು ಅಂತಲೇ ಕಟ್ಟಿದ ಏರ್ಪಾಡು ಅದು. ಅದಕ್ಕೆ ನಾನು ಕೈ ಮುಗೀತೀನಿ.

ಆದ್ರೆ ಅದರ ಇನ್ನೊಂದು ಮುಖ ಚಿಕ್ಕಮಾವ ಹೇಳಲಿಲ್ಲ. ಋಗ್ವೇದಕ್ಕೆ 21 ಶಾಖೆ ಇತ್ತು ಅಂತ ಪತಂಜಲಿ ಮಹಾಭಾಷ್ಯದಲ್ಲಿ ಹೇಳವ್ರೆ. ಇವತ್ತು ಪೂರ್ತಿಯಾಗಿ ಬಾಯಲ್ಲಿ ಉಳಿದು ಬಂದಿರೋದು ಮುಖ್ಯವಾಗಿ ಶಾಕಲ ಒಂದೇ. ಮಿಕ್ಕವನ್ನ ಕಲಿತವರು ಕಮ್ಮಿ ಅಕ್ಷರಶಃ ಕಲಿತಿದ್ರಾ? ಇಲ್ಲ. ಕಲಿಸೋ ಮನೆಗಳು ನಿಂತುಹೋದ್ವು, ಅಷ್ಟೆ. ಅಕ್ಷರಕ್ಕಕ್ಷರ ಕಟ್ಟಿದ್ದು ಉಳಿದರೆ ಇಡಿಯಾಗಿ ಉಳೀತದೆ, ಹೋದರೆ ಇಡಿಯಾಗಿ ಹೋಗ್ತದೆ.

ಈಗ ನಮ್ಮ ಅಯ್ಯನ ಕಡೆ ಬರೋಣ. ಅವನು ಬಾಯಿಪಾಠ ಮಾಡಿದವನೇ ಅಲ್ಲ. ಚಿಕ್ಕಮಾವ ತಪ್ಪಿದ್ದು ಇಲ್ಲೇ. ಇಲ್ಲದ ಬಾಯಿಪಾಠವನ್ನ ಇದೆ ಅಂದ್ಕೊಂಡು, ಅದರಲ್ಲಿ ತಪ್ಪು ಹುಡುಕಿದ್ರು.

ಅವನು ಕಲಿತದ್ದು ಹೆಂಗೆ ಅಂತ ಬೆಳಗ್ಗೆ ಉಪ್ಪಿಟ್ಟು ಬಡಿಸುವಾಗ ಕೇಳ್ದೆ. ಹತ್ತು ಹನ್ನೊಂದು ವರ್ಷಕ್ಕೆ ಹಿಮ್ಮೇಳದಲ್ಲಿ ಕೂತನಂತೆ. ಮೊದಲು ತಾಳ, ಆಮೇಲೆ ಸೊಲ್ಲು. ಮುಂದೆ ಹಾಡೋನು ಒಂದು ಸಾಲು ಬಿಟ್ಟ ಕೂಡಲೆ ಹಿಮ್ಮೇಳ ಸೊಲ್ಲು ಎತ್ತಿಕೊಳ್ಳಬೇಕು. ಆ ಹೊತ್ತಲ್ಲೇ ಮುಂದಿನವನಿಗೆ ಉಸಿರು, ಮುಂದಿನ ಸಾಲು ಯೋಚಿಸೋಕೆ ಜಾಗ. ಹಿಂಗೆ ವರ್ಷಗಳು ಕೂತು ಕತೆಯ ಗಂಟುಗಳನ್ನ ಕಲಿತ. ಸಂಕಮ್ಮನ ಸಾಲಲ್ಲಾದ್ರೆ, ನೀಲೇಗೌಡ ಕಾಡಿಗೆ ಹೊರಡೋದು, ನಾನಿಲ್ಲದಾಗ ಸರಿಯಾಗಿರ್ತೀನಿ ಅಂತ ಆಣೆ ಇಡು ಅನ್ನೋದು, ಸಂಕಮ್ಮ ಒಲ್ಲೆ ಅನ್ನೋದು, ಅವಳನ್ನ ಗುಡ್ಲೊಳಗೆ ಕೂಡಿಹಾಕೋದು, ಮಾದಪ್ಪ ಬರೋದು, ಕಾರಯ್ಯ ಬಿಲ್ಲಯ್ಯ ಅನ್ನೋ ಅವಳಿ ಮಕ್ಕಳ ವರ, ಗಂಡ ವಾಪಸ್ ಬಂದು ಅನುಮಾನ ಪಡೋದು. ಈ ಗಂಟು ಒಂದೂ ಬಿಡಂಗಿಲ್ಲ, ಹಿಂದು ಮುಂದು ಮಾಡಂಗಿಲ್ಲ.

ಗಂಟಿನಿಂದ ಗಂಟಿಗೆ ಹೋಗೋಕೆ ಅವನ ಹತ್ರ ರೆಡಿ ಇರೋ ಕಟ್ಟುಗಳವೆ. ಮಾದಪ್ಪ ಹೊರಡೋಕೆ ಒಂದು ಕಟ್ಟು, ಬೆಟ್ಟ ಇಳಿಯೋಕೆ ಒಂದು, ಭಿಕ್ಷ ಕೇಳೋಕೆ ಒಂದು, ಹೆಣ್ಣುಮಗಳು ಗೋಳಾಡೋಕೆ ಒಂದು. ದೇವರ ಹೆಸರಿನ ಹಿಂದೆ ಮುಂದೆ ಬರೋ ಬಿರುದುಗಳು ಉದ್ದ ಗಿಡ್ಡ ಎರಡೂ ಅವೆ. ಮಟ್ಟಿಗೆ ಯಾವುದು ಕೂರ್ತದೋ ಅದು ತಾನೇ ನಾಲಿಗೆಗೆ ಬರ್ತದೆ. ಸೊಸೆಯಾಗಿ ಬಂದ ಹೊಸದರಲ್ಲಿ ನಾವು ಸಾರು ಕಲಿತದ್ದೂ ಹಿಂಗೇ ಅಲ್ವಾ? ಅಳತೆ ಬರ್ಕೊಳ್ಳಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಜನಕ್ಕೆ ಎಷ್ಟು ಅಂತ ಪಕ್ಕದಲ್ಲಿ ನಿಂತು ಕಲಿತ್ವಿ.

ಇದು ನಮ್ಮೂರಿನ ಹಾಡೋರ ಸುದ್ದಿ ಮಾತ್ರ ಅಲ್ಲ. ನನ್ನ ಮಗಳು ಮಾನಸಗಂಗೋತ್ರೀಲಿ ಜಾನಪದ ಓದ್ತಾಳೆ, ಅವಳು ಹೇಳಿದ್ದು. ಮಿಲ್ಮನ್ ಪ್ಯಾರಿ ಅಂತ ಅಮೆರಿಕದ ವಿದ್ವಾಂಸ 1935ರಲ್ಲಿ ಯುಗೋಸ್ಲಾವಿಯಾದ ಹಳ್ಳಿಗಳಲ್ಲಿ ಕಾವ್ಯ ಹಾಡೋರ ಹಾಡನ್ನ ರೆಕಾರ್ಡ್ ಮಾಡ್ತಾ ಇದ್ದ. ಅವ್ದೊ ಮೆಜೆದೊವಿಚ್ ಅಂತ ಒಬ್ಬ, ಓದು ಬರಹ ಬಾರದೋನು. ಅವನನ್ನ ಕೂರಿಸಿ, ಅವನು ಅದುವರೆಗೂ ಕೇಳದ ಒಂದು ಹಾಡನ್ನ ಇನ್ನೊಬ್ಬನ ಕೈಲಿ ಹಾಡಿಸಿದ್ರು. ಎರಡು ಸಾವಿರ ಸಾಲು ದಾಟಿದ ಹಾಡು. ಮುಗಿದ ಕೂಡಲೆ ಈಗ ನೀನು ಹಾಡು ಅಂದ್ರು. ಅದೇ ಕತೆ, ಅವೇ ಗಂಟು, ಆರು ಸಾವಿರ ಸಾಲು ದಾಟಿಸಿ ಹಾಡಿದ. ಒಂದೇ ಸಲ ಕೇಳಿ ಆರು ಸಾವಿರ ಸಾಲು ಬಾಯಿಪಾಠ ಆಗ್ತದಾ? ಅವನು ಕಟ್ಟಿದ. ಅಲ್ಲಿನ ಹಾಡೋರನ್ನ ಕೇಳಿದ್ರೆ "ಒಂದು ಪದ ಬದಲಾಯಿಸಿಲ್ಲ" ಅಂತಲೇ ಹೇಳ್ತಿದ್ರಂತೆ. ಸುಳ್ಳಲ್ಲ ಅದು. ಅವರ ಲೆಕ್ಕದಲ್ಲಿ ಗಂಟು ತಪ್ಪದೆ ಹೋದ್ರೆ ಅದೇ ಹಾಡು.

ಇನ್ನು ಪುಸ್ತಕದ ಮಾತು. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಮಾದಪ್ಪನ ಕಾವ್ಯ ಅಚ್ಚು ಮಾಡಿಸಿದ್ರು. ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಕೇಶವನ್ ಪ್ರಸಾದ್ ಅವರ ಪುಸ್ತಕ 1997ರಲ್ಲಿ ಬಂತು. ಎರಡೂ ಹಾಡೋರ ಬಾಯಿಂದಲೇ ಬರ್ಕೊಂಡದ್ದು, ಎರಡೂ ಸಾಲಿಗೆ ಸಾಲು ಒಂದೇ ಅಲ್ಲ. ಚಿಕ್ಕಮಾವನ ಬೆರಳು ಒಂದರ ಮೇಲಿಟ್ಟರೆ ಇನ್ನೊಂದೂ ತಪ್ಪೇ ಆಗ್ತದೆ. ಆ ಪುಸ್ತಕಗಳು ಬೇಡ ಅಂತ ನಾನು ಹೇಳ್ತಾ ಇಲ್ಲ. ಹಾಡಿದವರು ಹೋದ ಮೇಲೂ ಅವರ ಒಂದು ಹಾಡು ಉಳ್ಕೊಂಡದೆ ಅಂದ್ರೆ ಅದು ಪುಸ್ತಕದಿಂದಲೇ. ಆದ್ರೆ ಅದು ಒಬ್ಬರು ಒಂದು ಸಲ ಹಾಡಿದ್ದು. ಮದುವೆ ಫೋಟೋ ಇಟ್ಕೊಂಡು, ಈಗ ಎದುರಿಗಿರೋಳ ಮುಖ ತಪ್ಪು ಅನ್ನೋಕಾಗ್ತದಾ?

ಹಂಗಾದ್ರೆ ಅಯ್ಯ ಏನು ಹಾಡಿದ್ರೂ ಸರಿಯಾ ಅಂತ ನೀವು ಕೇಳಬಹುದು. ಇಲ್ಲ ಕಣ್ರೀ. ಕೆಟ್ಟದಾಗಿ ಹಾಡೋರೂ ಅವ್ರೆ, ಕೇಳೋರಿಗೆ ತಿಳೀತದೆ. ಗಂಟು ಮರೆತೋನು ಸೊಲ್ಲನ್ನೇ ಮೂರು ನಾಲ್ಕು ಸಲ ತಿರುಗಿಸ್ತಾನೆ, ನಗೆಚಾಟಿಕೆಗೆ ಇಳೀತಾನೆ. ಒಂದು ಸಾಲಿನ ಹೆಸರು ಇನ್ನೊಂದು ಸಾಲಿಗೆ ಬಂದುಬಿಡ್ತದೆ. ಆಗ ಮೊದಲು ತಡವರಿಸೋದು ಹಿಮ್ಮೇಳ. ಆಮೇಲೆ ಕಂಬಕ್ಕೊರಗಿ ಕೂತ ಮುದುಕಿಯರು "ಅದಲ್ಲ ಕಪ್ಪಾ" ಅಂತಾರೆ. ಇಲ್ಲೂ ತಪ್ಪು ಹಿಡಿಯೋರು ಅವ್ರೆ, ಅವರ ಕೈಲಿ ಪುಸ್ತಕ ಇಲ್ಲ, ಅಷ್ಟೆ. ಅವತ್ತು ನಮ್ಮತ್ತೆ ಒಂದು ಸಲವೂ ಹಂಗನ್ನಲಿಲ್ಲ.

ಆಣೆಯ ಭಾಗ ಅಷ್ಟುದ್ದ ಯಾಕೆ ಆಯ್ತು ಅಂತ ನನಗೆ ಗೊತ್ತು. ಅಡುಗೆಮನೆ ಬಾಗಿಲಲ್ಲಿ ನನ್ನ ನಾದಿನಿ ಕೂತಿದ್ಲು. ಗಂಡನ ಮನೆ ಬಿಟ್ಟು ಬಂದು ಏಳು ತಿಂಗಳು. ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಮಾತಾಡ್ದೆ, ದೇವರ ಮುಂದೆ ಆಣೆ ಮಾಡು ಅಂತ ದಿನಾ ಕೇಳಿಸ್ಕೊಂಡು ಬಂದೋಳು. ನಮ್ಮ ಮನೇಲಿ ಯಾರೂ ಅದನ್ನ ಬಾಯಿಬಿಟ್ಟು ಆಡ್ತಿರಲಿಲ್ಲ. ಅಯ್ಯನಿಗೆ ಯಾರು ಹೇಳಿದ್ರೋ, ಅವಳ ಮುಖ ನೋಡೇ ತಿಳ್ಕೊಂಡನೋ. ಕಾಲು ಗಂಟೇಲಿ ಮುಗಿಯೋ ಭಾಗವನ್ನ ಮುಕ್ಕಾಲು ಗಂಟೆ ಹಾಡಿದ. ಸಂಕಮ್ಮ ಒಲ್ಲೆ ಅಂದದ್ದನ್ನ ಒಂದೊಂದು ಕಟ್ಟಿನಲ್ಲೂ ತಿರುಗಿ ತಿರುಗಿ ಹೇಳಿದ. ನಾದಿನಿ ಸೆರಗಲ್ಲಿ ಮುಖ ಮುಚ್ಕೊಂಡು ಅತ್ತಳು. ಏಳು ತಿಂಗಳಲ್ಲಿ ಅವಳು ನಮ್ಮ ಎದುರಿಗೆ ಅತ್ತದ್ದು ಅವತ್ತೇ ಮೊದಲು. ಅದೇ ಹೊತ್ತಿಗೆ ಚಿಕ್ಕಮಾವ "ತಪ್ಪು" ಅಂದದ್ದು.

ಇನ್ನು ಒಂದು ಗಂಟೆಲಿ ಮುಗಿಸಿ ಅನ್ನೋ ಮಾತು. ಕಾವ್ಯ ಸಾಯೋದು ಅಯ್ಯನ ಮರೆವಿನಿಂದಲ್ಲ, ಈ ಒಂದು ಗಂಟೆಯಿಂದ. ಒಂದು ಗಂಟೆಗೆ ಕರೆದರೆ ಅವನು ಎಲ್ಲರಿಗೂ ಗೊತ್ತಿರೋ ನಾಲ್ಕು ತುಂಡು ಹಾಡಿ ಹೋಗ್ತಾನೆ. ಹಿಮ್ಮೇಳದಲ್ಲಿ ಕೂತ ಹುಡುಗ ಆ ನಾಲ್ಕು ತುಂಡನ್ನೇ ಕಲೀತಾನೆ. ಗಂಟಿನಿಂದ ಗಂಟಿಗೆ ದಾಟೋದನ್ನ ಅವನು ನೋಡೋದೇ ಇಲ್ಲ. ಈಗಾಗಲೇ ಆ ಹುಡುಗ ಅಪ್ಪನ ಹಾಡನ್ನ ಫೋನಲ್ಲಿ ಹಿಡ್ಕೊಂಡು ಪದಕ್ಕೆ ಪದ ಕಲೀತಾ ಅವನೆ. ಅಯ್ಯನೇ ಹೇಳ್ದ: "ಅದ್ರಲ್ಲಿರಾದ ಅಂಗೇ ಹೇಳ್ತಾನ ಕನವ್ವ. ನಡೂಕ ಯಾರಾದ್ರೂ ಕೆಮ್ಮುದ್ರ ನಿಂತೋಯ್ತಾನ."

ಹುಡುಗನ ಪಾಠಶಾಲೆ ನಮ್ಮ ಹರಕೆಯ ರಾತ್ರಿ. ಮುಂದಿನ ಕಾರ್ತೀಕಕ್ಕೆ ನಾನೇ ಹರಕೆ ಹೊತ್ತಿದೀನಿ. ಹತ್ತು ಗಂಟೆಗೆ ಕೂತು ಬೆಳಕು ಹರಿಯೋವರೆಗೂ ಹಾಡಲಿ, ಎರಡು ಸಲ ಕಾಫಿ ನಾನು ಕಾಯಿಸ್ತೀನಿ. ಚಿಕ್ಕಮಾವನಿಗೂ ಎಲೆ ಅಡಿಕೆ ಇಟ್ಟು ಕರೀತೀನಿ, ಖಂಡಿತ ಬರಲಿ. ಪುಸ್ತಕ ಮಾತ್ರ ಬೀರುವಲ್ಲಿಟ್ಟು, ಹಿಮ್ಮೇಳದ ಪಕ್ಕ ಕೂತು ಸೊಲ್ಲು ಹೇಳಲಿ.